ಜಾಹೀರಾತು ಬಂದಾಗ ನಿಲ್ಲುತ್ತಿದ್ದ ದೀಪ

ಸಕಲೇಶಪುರದ ಕಡೆ ಕಾಫಿ ತೋಟ ಇಟ್ಟುಕೊಂಡಿರುವ ಗೆಳೆಯನೊಬ್ಬನಿಗೆ ಮಳೆ ಅಳೆಯುವ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟಿದ್ದೆ. ಬೆಳಗ್ಗೆ ಎದ್ದು ಅಳತೆ ಪಾತ್ರೆಯ ನೀರು ನೋಡಿ, ಇಷ್ಟು ಇಂಚು, ಇಷ್ಟು ಸೆಂಟು ಅಂತ ಡೈರಿಯಲ್ಲಿ ಬರೆದಿಡುವುದು ಅವರ ಮನೆಯಲ್ಲಿ ಅಪ್ಪನ ಕಾಲದಿಂದ ನಡೆದುಬಂದ ಪದ್ಧತಿ. ಮಕ್ಕಳ ಓದಿಗೆಂದು ಇವನು ಹಾಸನಕ್ಕೆ ಮನೆ ಬದಲಿಸಿದ ಮೇಲೆ ಡೈರಿಯಲ್ಲಿ ಖಾಲಿ ಪುಟಗಳು ಬೀಳತೊಡಗಿದವು. "ಹಾಸನದಿಂದಲೇ ಮೊಬೈಲಲ್ಲಿ ಕೇಳಿದರೆ ಅದು ಹೇಳಬೇಕು ಕಣೋ, ಅಂಥದ್ದೊಂದು ಮಾಡಿಕೊಡು" ಎಂದ. ಮಾಡಿದೆ. ಪೆಟ್ಟಿಗೆಯೊಳಗಿನ ಸಿಮ್ಮಿಗೆ `MALE` ಎಂದು ಎಸ್ಸೆಮ್ಮೆಸ್ ಕಳಿಸಿದರೆ ಅಂದಿನ ಮಳೆಯ ಲೆಕ್ಕ ತಿರುಗಿ ಬರುತ್ತಿತ್ತು.

ಪೆಟ್ಟಿಗೆ ಜೀವಂತವಾಗಿದೆ ಎಂದು ತೋರಿಸಲು ಒಂದು ಹಸಿರು ಎಲ್‌ಇಡಿ ಇಟ್ಟಿದ್ದೆ. ಅರ್ಧ ಸೆಕೆಂಡು ಹತ್ತಿ ಅರ್ಧ ಸೆಕೆಂಡು ಆರುವುದಷ್ಟೇ ಅದರ ಕೆಲಸ. ಒಂದು ದಿನ ಗೆಳೆಯನ ಫೋನು: "ಲೋ, ನಿನ್ನ ದೀಪ ಆಗಾಗ ಹಾಗೇ ನಿಂತುಬಿಡುತ್ತೆ. ಒಂದು ಹತ್ತು, ಹದಿನೈದು ಸೆಕೆಂಡು. ಆಮೇಲೆ ತಾನೇ ಸರಿಹೋಗುತ್ತೆ." ಮಳೆಯ ಲೆಕ್ಕ ತಪ್ಪಿದೆಯಾ ಎಂದು ಕೇಳಿದೆ. ಇಲ್ಲವಂತೆ, ಅಳತೆ ಪಾತ್ರೆಯ ಜೊತೆ ತಾಳೆಯಾಗುತ್ತಿದೆ. ಗಡಿಯಾರ? ಅದೂ ಸರಿ. ದೀಪ ಮಾತ್ರ ನಿಲ್ಲುತ್ತದೆ.

ಚಿಪ್ಪು ಕೆಟ್ಟರೆ ಅಥವಾ ಪ್ರೋಗ್ರಾಮು ಸಿಕ್ಕಿಹಾಕಿಕೊಂಡರೆ ಎಲ್ಲವೂ ನಿಲ್ಲಬೇಕು, ಮತ್ತು ನಿಂತದ್ದು ತಾನಾಗಿ ಏಳಬಾರದು. ಇಲ್ಲಿ ಎರಡೂ ಆಗಿರಲಿಲ್ಲ. ಕೊನೆಗೆ ಸಿಕ್ಕ ತಪ್ಪು ಇಂಟರಪ್ಟ್ ಸರ್ವಿಸ್ ರೂಟೀನ್ ಎಂಬ ಪುಟ್ಟ ತುಣುಕು ಪ್ರೋಗ್ರಾಮಿನ ಒಂದೇ ಸಾಲಿನಲ್ಲಿತ್ತು. ಮಿಕ್ಸಿಯಿಂದ ಕಾರಿನವರೆಗೆ ಚಿಪ್ಪು ಕೂತ ಕಡೆಯೆಲ್ಲ ಇಂಥ ತುಣುಕುಗಳು ಇರುತ್ತವೆ. ಅವು ಎಲ್ಲಿ ಎಡವುತ್ತವೆ ಎಂದು ತೋರಿಸಲು ನನ್ನ ಪೆಟ್ಟಿಗೆಯೇ ಸಾಕು, ಯಾಕೆಂದರೆ ಎಡವಬಹುದಾದ ಕಡೆಯೆಲ್ಲ ನಾನು ಎಡವಿದ್ದೇನೆ.

ಒಳಗಿರುವುದು ಎಟಿಮೆಗಾ328ಪಿ ಎಂಬ ಚಿಪ್ಪು, ಶಾಲೆ ಮಕ್ಕಳ ಪ್ರಾಜೆಕ್ಟುಗಳಲ್ಲಿ ಕಾಣುವ ಆರ್ಡುಯಿನೊ ಉನೊ ಹಲಗೆಯ ಮೇಲಿರುವಂಥದ್ದೇ. ಅದರ ಗಡಿಯಾರ ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಮಿಡಿಯುತ್ತದೆ. ಒಂದು ಮಿಡಿತ ಎಂದರೆ 62.5 ನ್ಯಾನೊಸೆಕೆಂಡು. ಒಂದೊಂದು ಆದೇಶ ಮುಗಿಯಲು ಒಂದೋ ಎರಡೋ, ಕೆಲವಕ್ಕೆ ನಾಲ್ಕೋ ಮಿಡಿತ ಬೇಕು. ಇದಕ್ಕೆ ಹೊರಗಿನಿಂದ ಎರಡು ಕಡೆ ಸುದ್ದಿ ಬರುತ್ತದೆ. ಒಂದು, ಮಳೆಮಾಪಕ. ಅದರಲ್ಲಿ ಏತದಂತೆ ಆ ಕಡೆ ಈ ಕಡೆ ವಾಲುವ ಜೋಡಿ ಬಟ್ಟಲುಗಳಿವೆ. 0.2 ಮಿಲಿಮೀಟರ್ ಮಳೆಯಾದಾಗ ಒಂದು ಬಟ್ಟಲು ತುಂಬಿ ವಾಲುತ್ತದೆ, ವಾಲುವಾಗ ಅಯಸ್ಕಾಂತವೊಂದು ಹಾದುಹೋಗಿ ಸ್ವಿಚ್ಚು ಕ್ಷಣಮಾತ್ರ ಕೂಡುತ್ತದೆ. ಇನ್ನೊಂದು, ಎಸ್ಸೆಮ್ಮೆಸ್ ತರುವ ಜಿಎಸ್‌ಎಂ ಮಾಡ್ಯೂಲು. ಅದು 9600 ಬಾಡ್ ವೇಗದಲ್ಲಿ ಅಕ್ಷರಗಳನ್ನು ಒಂದೊಂದಾಗಿ ತಂತಿಯ ಮೇಲೆ ಕಳಿಸುತ್ತದೆ, ಸುಮಾರು 1.04 ಮಿಲಿಸೆಕೆಂಡಿಗೆ ಒಂದು ಅಕ್ಷರ.

ಬಟ್ಟಲು ವಾಲಿತೇ, ಅಕ್ಷರ ಬಂತೇ ಎಂದು ಮುಖ್ಯ ಪ್ರೋಗ್ರಾಮು ಪದೇ ಪದೇ ಇಣುಕಿ ನೋಡುತ್ತಿದ್ದರೆ ಬೇರೆ ಕೆಲಸ ಸಾಗದು. ನೋಡದೆ ಬಿಟ್ಟ ಹೊತ್ತಿನಲ್ಲಿ ಬಂದದ್ದು ತಪ್ಪಿಹೋಗುತ್ತದೆ. ಅದಕ್ಕೇ ಚಿಪ್ಪಿನಲ್ಲಿ ಇಂಟರಪ್ಟ್ ವ್ಯವಸ್ಥೆ ಇದೆ. ಪ್ರತಿಯೊಂದು ಮೂಲಕ್ಕೂ ಒಂದು ಬಿಟ್ಟಿನ ನೆನಪು ಇರುತ್ತದೆ, ಅದನ್ನು ಫ್ಲ್ಯಾಗ್ ಎನ್ನುತ್ತಾರೆ. ಘಟನೆ ನಡೆದ ಕೂಡಲೇ ಆ ಬಿಟ್ 1 ಆಗುತ್ತದೆ. ಪ್ರೊಸೆಸರ್ ಪ್ರತಿ ಆದೇಶ ಮುಗಿದ ಮೇಲೆ ಫ್ಲ್ಯಾಗುಗಳ ಕಡೆ ನೋಡುತ್ತದೆ. ಯಾವುದಾದರೂ ಎದ್ದಿದ್ದರೆ, ಮಾಡುತ್ತಿದ್ದ ಕೆಲಸ ಅಲ್ಲಿಗೇ ಬಿಟ್ಟು, ಆ ಘಟನೆಗೆಂದೇ ಬರೆದಿಟ್ಟ ತುಣುಕಿಗೆ ನೆಗೆಯುತ್ತದೆ. ಅದೇ ಐಎಸ್‌ಆರ್. ಮುಗಿದ ಮೇಲೆ ಬಿಟ್ಟಲ್ಲಿಗೆ ವಾಪಸು. ಎರಡು ಫ್ಲ್ಯಾಗು ಒಟ್ಟಿಗೆ ಎದ್ದರೆ ಯಾರಿಗೆ ಮೊದಲ ಸರದಿ ಎಂಬುದೂ ಚಿಪ್ಪಿನಲ್ಲಿ ಗೊತ್ತುಮಾಡಿಟ್ಟದ್ದೇ. ಈ ಚಿಪ್ಪಿನಲ್ಲಿ ಮಳೆಯ ಸ್ವಿಚ್ಚಿಗೆ ಮೊದಲ ಸ್ಥಾನ, ಗಡಿಯಾರದ ಟೈಮರಿಗೆ ಆಮೇಲಿನದು, ಅಕ್ಷರ ತರುವ ಸೀರಿಯಲ್ ಪೋರ್ಟಿಗೆ ಅದಕ್ಕೂ ಕೆಳಗಿನದು. ಈ ಸಾಲನ್ನು ನೆನಪಿಡಿ, ದೀಪದ ಗುಟ್ಟಿಗೆ ಇದು ಬೇಕಾಗುತ್ತದೆ.

ನಾನು ಮೊದಲು ಎಡವಿದ್ದು ತಡದ ವಿಷಯದಲ್ಲಿ. ಫ್ಲ್ಯಾಗು ಎದ್ದ ಗಳಿಗೆಯಿಂದ ಐಎಸ್‌ಆರ್ ಕೆಲಸ ಶುರುಮಾಡುವ ಗಳಿಗೆಯವರೆಗಿನ ಹೊತ್ತಿಗೆ ಲೇಟೆನ್ಸಿ ಎಂದು ಹೆಸರು. ಚಿಪ್ಪಿನ ಕೈಪಿಡಿ ನೋಡಿದರೆ ಕನಿಷ್ಠ ನಾಲ್ಕು ಮಿಡಿತ ಎಂದಿದೆ. ಅಲ್ಲಿಂದ ಐಎಸ್‌ಆರ್ ಇರುವ ಜಾಗಕ್ಕೆ ನೆಗೆಯಲು ಇನ್ನು ಮೂರು. ಒಳಹೊಕ್ಕ ಮೇಲೆ ಸಾಮಾನು ಸರಂಜಾಮು ಎತ್ತಿಡಲು ಹದಿನೈದೋ ಹದಿನಾರೋ. ಎಲ್ಲ ಸೇರಿ ಒಂದೂವರೆ ಮೈಕ್ರೊಸೆಕೆಂಡಿನ ಆಸುಪಾಸು. ಅಕ್ಷರದಿಂದ ಅಕ್ಷರಕ್ಕೆ ಸಾವಿರ ಮೈಕ್ರೊಸೆಕೆಂಡು ಬಿಡುವಿರುವಾಗ ಇದೇನು ಮಹಾ ಎಂದುಕೊಂಡೆ.

ಆ ಕೈಪಿಡಿಯ ಅಂಕಿ ಎಲ್ಲ ಅನುಕೂಲವಾಗಿದ್ದಾಗಿನ ಅಂಕಿ. ನಿಜವಾದ ತಡ ನಿರ್ಧಾರವಾಗುವುದು ಬೇರೆ ಕಡೆ: ಪ್ರೊಸೆಸರ್ ಅತಿ ಹೆಚ್ಚೆಂದರೆ ಎಷ್ಟು ಹೊತ್ತು ಕಿವಿ ಮುಚ್ಚಿಕೊಂಡಿರುತ್ತದೆ ಎಂಬುದರಲ್ಲಿ. ಈ ಚಿಪ್ಪು ಒಂದು ಐಎಸ್‌ಆರ್ ಹೊಕ್ಕ ಕೂಡಲೇ ಮಿಕ್ಕೆಲ್ಲ ಇಂಟರಪ್ಟುಗಳಿಗೆ ತಾನಾಗಿಯೇ ಬಾಗಿಲು ಹಾಕುತ್ತದೆ, ಹೊರಬರುವಾಗ ತೆಗೆಯುತ್ತದೆ. ಅಂದರೆ ಒಬ್ಬನ ಐಎಸ್‌ಆರ್ ಎಷ್ಟು ಉದ್ದವೋ ಉಳಿದವರ ತಡ ಅಷ್ಟು ಉದ್ದ.

ಸ್ವಿಚ್ಚು ಕೂಡುವಾಗ ಒಂದೇ ಸಲ ಕೂಡುವುದಿಲ್ಲ, ಲೋಹದ ನಾಲಗೆ ಕೆಲವು ಮಿಲಿಸೆಕೆಂಡು ಪುಟಿಯುತ್ತದೆ. ಆ ಪುಟಿತ ತಣಿಯಲೆಂದು ನಾನು ಮಳೆಯ ಐಎಸ್‌ಆರ್ ಒಳಗೇ `_delay_ms(20)` ಎಂದು ಬರೆದುಬಿಟ್ಟಿದ್ದೆ. ಇಪ್ಪತ್ತು ಮಿಲಿಸೆಕೆಂಡು ಸುಮ್ಮನೆ ಕಾಯುವ ಸಾಲು. ಮೇಜಿನ ಮೇಲೆ ಎಲ್ಲ ಚೆನ್ನಾಗಿತ್ತು. ತೋಟದಲ್ಲಿ ನಡೆದದ್ದು ಬೇರೆ: ಬಿಸಿಲಲ್ಲಿ ಕೇಳಿದರೆ ಉತ್ತರ ಬರುತ್ತದೆ, ಜೋರು ಮಳೆಯಲ್ಲಿ ಕೇಳಿದರೆ ಒಮ್ಮೊಮ್ಮೆ ಬರುವುದೇ ಇಲ್ಲ. ಮಳೆಮಾಪಕಕ್ಕೆ ಇದಕ್ಕಿಂತ ಕೆಟ್ಟ ಹೆಸರು ಬೇಕೇ?

ಲೆಕ್ಕ ಹಾಕಿದರೆ ಕಾರಣ ನೇರವಾಗಿದೆ. ಇಪ್ಪತ್ತು ಮಿಲಿಸೆಕೆಂಡಿನಲ್ಲಿ ಹತ್ತೊಂಬತ್ತು ಅಕ್ಷರ ಬಂದಿರುತ್ತವೆ. ಸೀರಿಯಲ್ ಪೋರ್ಟಿನಲ್ಲಿ ಬಂದ ಅಕ್ಷರ ಕಾಯಲು ಇರುವುದು ಎರಡೇ ಕುರ್ಚಿ, ಮೂರನೆಯದು ಹೊಸ್ತಿಲ ಮೇಲೆ ನಿಲ್ಲಬಹುದು. ನಾಲ್ಕನೆಯದು ಬರತೊಡಗಿದ ಕೂಡಲೇ ಒಂದಕ್ಕೆ ಜಾಗವಿಲ್ಲ. ಮೊದಲ ಅಕ್ಷರ ಬಂದಲ್ಲಿಂದ ನನಗಿದ್ದ ಗಡುವು ಎರಡು ಮಿಲಿಸೆಕೆಂಡಿಗೆ ತುಸು ಹೆಚ್ಚು, ಅಷ್ಟೆ. ನಾನು ತೆಗೆದುಕೊಂಡದ್ದು ಇಪ್ಪತ್ತು. ಎಸ್ಸೆಮ್ಮೆಸ್ ಬರುತ್ತಿರುವಾಗಲೇ ಬಟ್ಟಲೊಂದು ವಾಲಿದರೆ ಹದಿನಾರು ಅಕ್ಷರ ಗಾಳಿಗೆ. `MALE` ಇರುವುದೇ ನಾಲ್ಕು ಅಕ್ಷರ. 115200 ಬಾಡ್ ವೇಗದಲ್ಲಾದರೆ ಇದೇ ಗಡುವು ಸುಮಾರು 170 ಮೈಕ್ರೊಸೆಕೆಂಡಿಗೆ ಇಳಿಯುತ್ತದೆ. ಆದ್ದರಿಂದ ಲೇಟೆನ್ಸಿ ಎಷ್ಟಿದೆ ಎಂದು ಬಿಡಿಯಾಗಿ ಕೇಳುವುದರಲ್ಲಿ ಅರ್ಥವಿಲ್ಲ. ಕಾಯುತ್ತಿರುವವನ ಗಡುವಿನ ಪಕ್ಕದಲ್ಲಿಟ್ಟು ನೋಡಬೇಕು.

ತಮಾಷೆ ಎಂದರೆ ಆ ಕಾಯುವ ಸಾಲು ತನ್ನ ಕೆಲಸವನ್ನೂ ಸರಿಯಾಗಿ ಮಾಡುತ್ತಿರಲಿಲ್ಲ. ಐಎಸ್‌ಆರ್ ಹೊಗುವಾಗ ಮಳೆಯ ಫ್ಲ್ಯಾಗನ್ನು ಚಿಪ್ಪೇ ಇಳಿಸುತ್ತದೆ, ಸರಿ. ಆದರೆ ನಾನು ಒಳಗೆ ಕಾಯುತ್ತಿರುವಾಗ ಸ್ವಿಚ್ಚು ಪುಟಿದು ಅದನ್ನು ಮತ್ತೆ ಏರಿಸುತ್ತದೆ. ಹೊರಬಂದ ಕೂಡಲೇ ಇನ್ನೊಮ್ಮೆ ಒಳಗೆ. ಒಂದು ಬಟ್ಟಲು ಎರಡಾಗಿ ಎಣಿಕೆಯಾಗುತ್ತಿತ್ತು. ಅವಧಿಯಲ್ಲಿ ಎಷ್ಟು ಸಲ ಪುಟಿದರೂ ಫ್ಲ್ಯಾಗು ಒಂದೇ ಬಿಟ್ಟಾದ್ದರಿಂದ ಮೂರು ನಾಲ್ಕು ಆಗಲಿಲ್ಲ, ಸರಿಯಾಗಿ ಎರಡರಷ್ಟೇ. ಈ 'ಸರಿಯಾಗಿ ಎರಡರಷ್ಟು' ಎನ್ನುವುದನ್ನು ಎಲ್ಲಿ ಕಂಡರೂ ನಾನೀಗ ಮೊದಲು ಫ್ಲ್ಯಾಗಿನ ಮೇಲೆ ಅನುಮಾನಪಡುತ್ತೇನೆ. ಕೊನೆಗೆ ಕಾಯುವ ಸಾಲನ್ನೇ ಕಿತ್ತುಹಾಕಿದೆ. ಹಿಂದಿನ ಬಟ್ಟಲು ವಾಲಿ ಐವತ್ತು ಮಿಲಿಸೆಕೆಂಡು ಆಗಿಲ್ಲದಿದ್ದರೆ ಎಣಿಸಬೇಡ ಎಂದು ಬರೆದೆ. ಐಎಸ್‌ಆರ್ ಕೆಲವೇ ಮೈಕ್ರೊಸೆಕೆಂಡಿಗೆ ಇಳಿಯಿತು.

ಇನ್ನು ಸಾಮಾನು ಸರಂಜಾಮು ಎಂದೆನಲ್ಲ, ಅದಕ್ಕೆ ಬರೋಣ. ಪ್ರೊಸೆಸರ್ ಲೆಕ್ಕ ಮಾಡುವುದು ರಿಜಿಸ್ಟರ್ ಎಂಬ ಕೈಯಳತೆಯ ಪುಟ್ಟ ಖಾನೆಗಳಲ್ಲಿ. ಈ ಚಿಪ್ಪಿನಲ್ಲಿ ಅಂಥವು 32 ಇವೆ, ಒಂದೊಂದರಲ್ಲಿ 255ರವರೆಗಿನ ಒಂದು ಸಂಖ್ಯೆ ಹಿಡಿಯುತ್ತದೆ. ಮುಖ್ಯ ಪ್ರೋಗ್ರಾಮಿಗೂ ಐಎಸ್‌ಆರ್‌ಗೂ ಇರುವುದು ಅದೇ ಖಾನೆಗಳು. ಜೊತೆಗೆ `SREG` ಎಂಬ ಇನ್ನೊಂದಿದೆ. ಕೂಡುವಾಗ ದಶಕ ಬಂತೋ ಇಲ್ಲವೋ, ಹೋಲಿಸಿದಾಗ ಸಮವಾಯಿತೋ ಇಲ್ಲವೋ ಎಂಬ ಟಿಪ್ಪಣಿಗಳು ಅದರಲ್ಲಿರುತ್ತವೆ. ಇವೆಲ್ಲವನ್ನೂ ಒಟ್ಟಾಗಿ ಕಾಂಟೆಕ್ಸ್ಟ್ ಎನ್ನುತ್ತಾರೆ. ನಡುವೆ ಬಂದ ಐಎಸ್‌ಆರ್ ಹೋಗುವಾಗ ಇದನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹಿಂದಿರುಗಿಸಬೇಕು, ಯಾಕೆಂದರೆ ತನ್ನನ್ನು ತಡೆದು ನಿಲ್ಲಿಸಲಾಗಿತ್ತು ಎಂಬುದೇ ಮುಖ್ಯ ಪ್ರೋಗ್ರಾಮಿಗೆ ಗೊತ್ತಿರುವುದಿಲ್ಲ.

ತಪ್ಪಿದರೆ ಏನಾಗುತ್ತದೆ? ದಿನದ ಮಳೆಯ ಮೊತ್ತಕ್ಕೆ ಒಂದು ಬಟ್ಟಲು ಸೇರಿಸುವುದನ್ನೇ ನೋಡಿ. 255 ದಾಟುವ ಸಂಖ್ಯೆಗೆ ಎರಡು ಖಾನೆ ಬೇಕು, ಹಾಗಾಗಿ ಕೂಡುವುದೂ ಎರಡು ಹೆಜ್ಜೆ:

```
add  r24, r22
adc  r25, r23
```

ಮೊದಲ ಸಾಲು ಕೆಳಗಿನ ಖಾನೆಗಳನ್ನು ಕೂಡುತ್ತದೆ, ಎರಡನೆಯದು ಮೇಲಿನವನ್ನು, ದಶಕ ಇದ್ದರೆ ಸೇರಿಸಿಕೊಂಡು. ಮೊತ್ತ 255 ಇದೆ, ಒಂದು ಸೇರಿಸಬೇಕು. ಮೊದಲ ಸಾಲಿನಲ್ಲಿ ಕೆಳಗಿನ ಖಾನೆ ಸೊನ್ನೆಯಾಗಿ, ದಶಕ ಒಂದು ಎಂಬ ಟಿಪ್ಪಣಿ `SREG`ನಲ್ಲಿ ಕೂರುತ್ತದೆ. ಸರಿಯಾಗಿ ಆ ಎರಡು ಸಾಲುಗಳ ಸಂದಿನಲ್ಲಿ ಒಂದು ಅಕ್ಷರ ಬಂತು, ಐಎಸ್‌ಆರ್ ಓಡಿತು ಎನ್ನಿ. ಅದೂ ತನ್ನದೇನೋ ಕೂಡಿ ಕಳೆದು ದಶಕದ ಟಿಪ್ಪಣಿಯನ್ನು ಅಳಿಸಿ ಹೋಯಿತು. ಎರಡನೇ ಸಾಲಿಗೆ ದಶಕವೇ ಕಾಣದು. 256 ಆಗಬೇಕಿದ್ದ ಮೊತ್ತ 0. ಬಟ್ಟಲಿನ ಲೆಕ್ಕದಲ್ಲಿ 51.2 ಮಿಲಿಮೀಟರ್, ಗೆಳೆಯನ ಭಾಷೆಯಲ್ಲಿ ಎರಡು ಇಂಚು ಮಳೆ ಮಾಯ. ಆ ಸಂದಿನ ಅಗಲ ನ್ಯಾನೊಸೆಕೆಂಡುಗಳಲ್ಲಿ ಅಳೆಯುವಷ್ಟು. ಒಂದು ಮಳೆಗಾಲದಲ್ಲಿ ಒಮ್ಮೆ ಸಿಕ್ಕೀತು, ಸಿಗದೆಯೂ ಹೋದೀತು. ನೀವು ನೋಡಲು ಕೂತಾಗಲಂತೂ ಸಿಗುವುದಿಲ್ಲ.

ಇದೇ ಹೆದರಿಕೆ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರನ್ನೂ ಕಾಡಿತ್ತು. 1950ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸಿನಲ್ಲಿ ಅವರ ಸಹೋದ್ಯೋಗಿಗಳು ಎಕ್ಸ್1 ಎಂಬ ಕಂಪ್ಯೂಟರಿಗೆ ಇಂಟರಪ್ಟ್ ಸೇರಿಸುವ ಮಾತೆತ್ತಿದಾಗ, ಇನ್ನು ಮುಂದೆ ತಪ್ಪುಗಳು ಎರಡನೇ ಸಲ ಅದೇ ರೀತಿ ಕಾಣಿಸಿಕೊಳ್ಳುವ ಭರವಸೆಯೇ ಇಲ್ಲವಲ್ಲ ಎಂದು ದಿಗಿಲಾಯಿತೆಂದು ಅವರೇ ಮುಂದೆ ಬರೆದಿದ್ದಾರೆ. ಕೊನೆಗೆ ಒಪ್ಪಿಕೊಂಡು, ಆ ಯಂತ್ರದ ಇಂಟರಪ್ಟ್ ಪ್ರೋಗ್ರಾಮು ಬರೆದು, 1959ರಲ್ಲಿ ಅದರ ಮೇಲೆಯೇ ಡಾಕ್ಟರೇಟ್ ಪಡೆದರು.

ಎಟಿಮೆಗಾ ಚಿಪ್ಪು ಈ ವಿಷಯದಲ್ಲಿ ಜುಗ್ಗ. ಎಲ್ಲಿಗೆ ವಾಪಸು ಹೋಗಬೇಕು ಎಂಬ ಎರಡು ಬೈಟಿನ ವಿಳಾಸವನ್ನಷ್ಟೇ ತಾನಾಗಿ ಸ್ಟ್ಯಾಕಿನಲ್ಲಿ ಇಡುತ್ತದೆ. `SREG` ಸಹ ಇಡುವುದಿಲ್ಲ. ಉಳಿದದ್ದು ಪ್ರೋಗ್ರಾಮಿನ ಹೊಣೆ. ಸಿ ಭಾಷೆಯಲ್ಲಿ `ISR(...)` ಎಂದು ಬರೆದರೆ ಕಂಪೈಲರ್ ಆ ಹೊಣೆ ಹೊತ್ತು, ನಮ್ಮ ಮೊದಲ ಸಾಲಿಗೂ ಮುಂಚೆ ಇಂಥವನ್ನು ತುಂಬುತ್ತದೆ:

```
push r1
push r0
in   r0, 0x3f
push r0
```

ಇಲ್ಲಿ `0x3f` ಎಂದರೆ `SREG`ನ ವಿಳಾಸ. ಒಂದೊಂದು `push`ಗೆ ಎರಡು ಮಿಡಿತ, ಹೊರಡುವಾಗ ಒಂದೊಂದು `pop`ಗೆ ಮತ್ತೆ ಎರಡು. ಐಎಸ್‌ಆರ್ ಒಳಗಿಂದ ಬೇರೊಂದು ಫಂಕ್ಷನ್ ಕರೆದರೆ, ಅದು ಯಾವ ಖಾನೆ ಮುಟ್ಟುತ್ತದೋ ಗೊತ್ತಾಗದೆ ಕಂಪೈಲರ್ ಹನ್ನೆರಡು ಹದಿನೈದು ಖಾನೆಗಳನ್ನು ಎತ್ತಿಡುತ್ತದೆ. ಐಎಸ್‌ಆರ್‌ನಲ್ಲಿ ಫಂಕ್ಷನ್ ಕರೆಯಬೇಡಿ ಎಂದು ಹಿರಿಯರು ಗದರುವುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಜೋಪಾನ ಮಾಡಿದರೂ ಕಾಯಲಾಗದ್ದು ಒಂದಿದೆ. ರಿಜಿಸ್ಟರುಗಳನ್ನು ಕಂಪೈಲರ್ ಕಾಯುತ್ತದೆ, ಆದರೆ ಮೆಮೊರಿಯಲ್ಲಿ ಇಬ್ಬರೂ ಹಂಚಿಕೊಂಡ ಸಂಖ್ಯೆಯನ್ನು ಕಾಯುವುದಿಲ್ಲ. ಬಟ್ಟಲಿನ ಎಣಿಕೆ 255 ಇದ್ದಾಗ ಮುಖ್ಯ ಪ್ರೋಗ್ರಾಮು ಕೆಳಗಿನ ಬೈಟು ಓದಿ 255 ಎಂದು ಹಿಡಿದುಕೊಂಡಿತು. ಅಷ್ಟರಲ್ಲಿ ಬಟ್ಟಲು ವಾಲಿ ಎಣಿಕೆ 256 ಆಯಿತು. ಮೇಲಿನ ಬೈಟು ಓದಿದರೆ ಒಂದು. ಎರಡೂ ಸೇರಿ 511, ಅಂದರೆ ನಾಲ್ಕು ಇಂಚು. ಓದುವಷ್ಟು ಹೊತ್ತು ಇಂಟರಪ್ಟುಗಳಿಗೆ ಬಾಗಿಲು ಹಾಕುವುದೊಂದೇ ದಾರಿ. ಬಾಗಿಲು ಹಾಕಿದಷ್ಟು ಹೊತ್ತು ಲೇಟೆನ್ಸಿಗೆ ಸೇರುತ್ತದೆ, ಆದ್ದರಿಂದ ಎರಡು ಬೈಟು ನಕಲು ಮಾಡಿಕೊಂಡು ತಕ್ಷಣ ತೆಗೆಯಬೇಕು. ಗುಣಾಕಾರ, ಇಂಚಿಗೆ ಬದಲಿಸುವುದು ಎಲ್ಲ ಆಮೇಲೆ.

ಈಗ ದೀಪಕ್ಕೆ. ಅಕ್ಷರಗಳನ್ನು ಹಿಡಿದಿಡಲು 128 ಮನೆಗಳ ಒಂದು ವರ್ತುಲ ಸಾಲು ಇಟ್ಟಿದ್ದೆ. ಐಎಸ್‌ಆರ್ ಒಂದು ಕಡೆಯಿಂದ ತುಂಬುತ್ತದೆ, ಮುಖ್ಯ ಪ್ರೋಗ್ರಾಮು ಇನ್ನೊಂದು ಕಡೆಯಿಂದ ಖಾಲಿ ಮಾಡುತ್ತದೆ. ಆರ್ಡುಯಿನೊದ ಸಿದ್ಧ ಲೈಬ್ರರಿ ಬಳಸಿದ್ದರೆ ಈ ಲೇಖನ ಹುಟ್ಟುತ್ತಿರಲಿಲ್ಲ. ನಾನೇ ಬರೆಯುತ್ತೇನೆಂಬ ಹುರುಪಿನಲ್ಲಿ ಬರೆದದ್ದು ಹೀಗಿತ್ತು:

```c
ISR(USART_RX_vect)
{
    uint8_t next = (head + 1) & 127;
    if (next == tail)
        return;          // ಜಾಗ ಇಲ್ಲ
    buf[head] = UDR0;
    head = next;
}
```

ಓದಿದರೆ ತಪ್ಪೇ ಕಾಣದು. ಜಾಗವಿಲ್ಲದಿದ್ದರೆ ಸುಮ್ಮನೆ ಹಿಂದಿರುಗು, ಇದ್ದರೆ ಬಂದ ಅಕ್ಷರವನ್ನು `UDR0`ಯಿಂದ ತೆಗೆದು ಸಾಲಿನಲ್ಲಿಡು. ಎಡವಟ್ಟು ಇರುವುದು ಆ `return`ನಲ್ಲಿ.

ಮಳೆಯ ಸ್ವಿಚ್ಚಿನ ಫ್ಲ್ಯಾಗನ್ನು ಐಎಸ್‌ಆರ್ ಹೊಗುವಾಗ ಚಿಪ್ಪೇ ಇಳಿಸುತ್ತದೆ ಎಂದೆ. ಟೈಮರಿನದೂ ಹಾಗೆಯೇ. ಸೀರಿಯಲ್ ಪೋರ್ಟಿನ `RXC0` ಫ್ಲ್ಯಾಗು ಮಾತ್ರ ಹಾಗಲ್ಲ. ಓದದ ಅಕ್ಷರ ಒಳಗಿದೆ ಎಂಬುದೇ ಅದರ ಅರ್ಥ, ಹಾಗಾಗಿ ಅದನ್ನು ಇಳಿಸಲು ಇರುವ ದಾರಿ `UDR0` ಓದುವುದು. ಓದದೆ ಹಿಂದಿರುಗಿದರೆ ಫ್ಲ್ಯಾಗು ಎದ್ದೇ ಇರುತ್ತದೆ. ಪ್ರೊಸೆಸರಿಗೆ ಇದು ಹಳೆಯ ಕರೆಯೋ ಹೊಸದೋ ಗೊತ್ತಾಗುವುದಿಲ್ಲ. ಬಿಟ್ 1 ಇದೆ, ಅಷ್ಟೇ ಅದಕ್ಕೆ ಕಾಣುವುದು. ಮತ್ತೆ ಅದೇ ಐಎಸ್‌ಆರ್ ಒಳಗೆ ಹೋಗುತ್ತದೆ, ಜಾಗವಿಲ್ಲ ಎಂದು ಬರುತ್ತದೆ, ಮತ್ತೆ ಹೋಗುತ್ತದೆ.

ಹಾಗಿದ್ದರೆ ಮುಖ್ಯ ಪ್ರೋಗ್ರಾಮು ಶಾಶ್ವತವಾಗಿ ನಿಲ್ಲಬೇಕಿತ್ತಲ್ಲ? ಇಲ್ಲೇ ಈ ಚಿಪ್ಪಿನ ಒಂದು ಗುಣ ಅಡ್ಡ ಬರುತ್ತದೆ. ಐಎಸ್‌ಆರ್‌ನಿಂದ ಹೊರಬಂದ ಮೇಲೆ, ಎಷ್ಟೇ ಫ್ಲ್ಯಾಗು ಎದ್ದು ನಿಂತಿದ್ದರೂ, ಮುಖ್ಯ ಪ್ರೋಗ್ರಾಮಿನ ಒಂದೇ ಒಂದು ಆದೇಶವನ್ನು ನಡೆಸಿಯೇ ಅದು ಮುಂದಿನ ಕರೆಗೆ ಓಗೊಡುವುದು. ನನ್ನ ಐಎಸ್‌ಆರ್ ಹೋಗಿ ಬರಿಗೈಯಲ್ಲಿ ಬರಲು ಸುಮಾರು 50 ಮಿಡಿತ ಬೇಕು. ಅರ್ಧ ಸೆಕೆಂಡು ಕಾಯಲೆಂದು ಬರೆದ `_delay_ms(500)` ಎಂಬುದಾದರೋ ಗಡಿಯಾರ ನೋಡಿ ಕಾಯುವುದಿಲ್ಲ, ಆದೇಶಗಳ ಸುತ್ತು ಎಣಿಸುತ್ತಾ ಕಾಯುತ್ತದೆ. ನಾಲ್ಕು ಆದೇಶದ ಒಂದು ಸುತ್ತಿಗೆ ಐದು ಮಿಡಿತ. ಒಂದು ಆದೇಶಕ್ಕೆ ಒಂದೂಕಾಲು ಮಿಡಿತ ಸಾಕಾಗಿದ್ದ ಕಡೆ ಈಗ ಐವತ್ತೊಂದು ಚಿಲ್ಲರೆ. ಪ್ರೋಗ್ರಾಮು ಸತ್ತಿರಲಿಲ್ಲ, ನಲವತ್ತು ಪಟ್ಟು ನಿಧಾನವಾಗಿ ತೆವಳುತ್ತಿತ್ತು.

ಎಸ್ಸೆಮ್ಮೆಸ್ ಬಂದಾಗ ಮಾಡ್ಯೂಲು ಕಳಿಸಿದವರ ನಂಬರು, ದಿನಾಂಕ, ಸಮಯ ಎಲ್ಲ ಸೇರಿಸಿ ಸುಮಾರು ಐವತ್ತು ಅಕ್ಷರದ ತಲೆಬರಹ ಹಚ್ಚಿ ಕಳಿಸುತ್ತದೆ. `MALE` ಸೇರಿಸಿದರೂ ಅರವತ್ತು ದಾಟದು. ನಾನು ನೂರು ಸಲ ಪರೀಕ್ಷೆ ಮಾಡಿದ್ದು ಅದರಲ್ಲೇ. ಆದರೆ ಸಿಮ್ ಕಂಪನಿಯವರ ಜಾಹೀರಾತು ಬಂದರೆ ಅದು 160 ಅಕ್ಷರದವರೆಗೂ ಇರುತ್ತದೆ. ಕನ್ನಡದಲ್ಲಿದ್ದರಂತೂ ನನ್ನ ಮಾಡ್ಯೂಲು ಒಂದೊಂದು ಯುನಿಕೋಡ್ ಸಂಕೇತವನ್ನೂ ನಾಲ್ಕು ಅಂಕಿಗಳಾಗಿ ಬಿಡಿಸಿ ಕಳಿಸುವುದರಿಂದ 70 ಸಂಕೇತಗಳ ಸಂದೇಶ 280 ಆಗುತ್ತದೆ. 128 ಮನೆಗಳ ಸಾಲಿನಲ್ಲಿ ಒಂದು ಮನೆ ಯಾವಾಗಲೂ ಖಾಲಿ ಇರಬೇಕಾದ್ದರಿಂದ ಹಿಡಿಸುವುದು 127. ಅವು ತುಂಬಲು 132 ಮಿಲಿಸೆಕೆಂಡು ಸಾಕು. ಅಷ್ಟು ಹೊತ್ತಿಗೆ ಮುಖ್ಯ ಪ್ರೋಗ್ರಾಮು ದೀಪದ ಅರ್ಧ ಸೆಕೆಂಡನ್ನು ಎಣಿಸುತ್ತಾ ಕೂತಿದ್ದರೆ, ಉಳಿದ 368 ಮಿಲಿಸೆಕೆಂಡನ್ನು ನಲವತ್ತರಿಂದ ಗುಣಿಸಿ ನೋಡಿ: ಹದಿನೈದು ಸೆಕೆಂಡು. ಗೆಳೆಯ ಗಡಿಯಾರವಿಲ್ಲದೆ ಹೇಳಿದ್ದ ಅಂದಾಜು ಎಷ್ಟು ಸರಿಯಿತ್ತು!

ಎಣಿಕೆ ಮುಗಿದ ಮೇಲೆ ಮುಖ್ಯ ಪ್ರೋಗ್ರಾಮು ಸಾಲಿನಿಂದ ಒಂದು ಅಕ್ಷರ ತೆಗೆಯುತ್ತದೆ, ಜಾಗವಾಗುತ್ತದೆ, ಐಎಸ್‌ಆರ್ `UDR0` ಓದುತ್ತದೆ, ಫ್ಲ್ಯಾಗು ಇಳಿಯುತ್ತದೆ, ಎಲ್ಲ ಸುಸೂತ್ರ. ಮಳೆಯ ಸ್ವಿಚ್ಚು ಮತ್ತು ಟೈಮರು ಸರದಿಯಲ್ಲಿ ಸೀರಿಯಲ್ ಪೋರ್ಟಿಗಿಂತ ಮುಂದಿರುವುದರಿಂದ ಈ ಗದ್ದಲದ ನಡುವೆಯೂ ಅವುಗಳ ಐಎಸ್‌ಆರ್ ಓಡುತ್ತಲೇ ಇದ್ದವು. ಲೆಕ್ಕ ಸರಿ, ಗಡಿಯಾರ ಸರಿ, ದೀಪ ಮಾತ್ರ ನಿಂತದ್ದು ಅದಕ್ಕೇ.

ಇದನ್ನು ಕಣ್ಣಾರೆ ಕಂಡದ್ದು ಲಾಜಿಕ್ ಅನಲೈಸರಿನಲ್ಲಿ. ಐಎಸ್‌ಆರ್ ಹೊಗುವಾಗ ಖಾಲಿ ಪಿನ್ನೊಂದನ್ನು ಏರಿಸಿ, ಹೊರಡುವಾಗ ಇಳಿಸುವಂತೆ ಬರೆದೆ. ಬೇರೊಂದು ಮೊಬೈಲಿನಿಂದ ಉದ್ದನೆಯ ಸಂದೇಶ ಕಳಿಸಿದೆ. ಮೊದಲು ಮಿಲಿಸೆಕೆಂಡಿಗೊಂದರಂತೆ ಬಿಡಿ ಬಿಡಿ ಗೂಟಗಳು, 127 ಆದ ಮೇಲೆ ಮೂರು ಮೈಕ್ರೊಸೆಕೆಂಡು ಚಿಲ್ಲರೆಗೆ ಒಂದರಂತೆ ಸಂದಿಲ್ಲದ ಬೇಲಿ. ಇಂಟರಪ್ಟ್ ಕೆಲಸ ಮಾಡುವವರು ಒಂದು ಪಿನ್ನನ್ನು ಇದಕ್ಕೆಂದೇ ಮೀಸಲಿಡುವುದು ಒಳ್ಳೆಯದು. ಪರದೆಯ ಮೇಲೆ ಪ್ರಿಂಟ್ ಮಾಡಿ ನೋಡಲು ಹೋದರೆ ಆ ಪ್ರಿಂಟೇ ಹೊಸ ತಡವಾಗಿ, ನೋಡಬೇಕಾದ್ದು ಬೇರೆಯೇ ಆಗಿಬಿಡುತ್ತದೆ.

ರಿಪೇರಿಗೆ ಎರಡು ನಿಮಿಷ ಸಾಕಾಯಿತು. ಜಾಗ ಇರಲಿ ಬಿಡಲಿ, ಮೊದಲು ಓದು:

```c
ISR(USART_RX_vect)
{
    uint8_t c = UDR0;
    uint8_t next = (head + 1) & 127;
    if (next != tail) {
        buf[head] = c;
        head = next;
    }
}
```

ಇದೇ ತಪ್ಪನ್ನು ಎಸ್‌ಟಿಎಂ32 ಎಫ್103 ಚಿಪ್ಪಿನ ಮೇಲೆ ಮಾಡಿದ್ದರೆ ತೆವಳುವ ಭಾಗ್ಯವೂ ಇರುತ್ತಿರಲಿಲ್ಲ. ಅದರೊಳಗಿನ ಕಾರ್ಟೆಕ್ಸ್-ಎಂ3 ಪ್ರೊಸೆಸರ್ ಧಾರಾಳಿ: ಇಂಟರಪ್ಟ್ ಬಂದಾಗ ಎಂಟು ರಿಜಿಸ್ಟರುಗಳನ್ನು ತಾನೇ ಸ್ಟ್ಯಾಕಿಗೆ ಹಾಕುತ್ತದೆ, ಮೆಮೊರಿ ತಡಮಾಡದಿದ್ದರೆ ಅದೆಲ್ಲ ಸೇರಿ 12 ಮಿಡಿತ. ಹೊರಡುವಾಗ ಇನ್ನೊಂದು ಇಂಟರಪ್ಟ್ ಕಾದಿದ್ದರೆ, ತೆಗೆದಿಟ್ಟು ಮತ್ತೆ ಹಾಕುವ ಶ್ರಮ ಉಳಿಸಿ ನೇರವಾಗಿ ಅದಕ್ಕೆ ದಾಟಿಕೊಳ್ಳುತ್ತದೆ. ವೇಗಕ್ಕೆಂದು ಮಾಡಿದ ಈ ಜಾಣತನದಿಂದ, ಫ್ಲ್ಯಾಗು ಇಳಿಸಲು ಮರೆತರೆ ಮುಖ್ಯ ಪ್ರೋಗ್ರಾಮಿನ ಒಂದು ಆದೇಶವೂ ನಡೆಯುವುದಿಲ್ಲ. ಪೂರ್ತಿ ಸ್ತಬ್ಧ. ಒಂದು ರೀತಿಯಲ್ಲಿ ಅದೇ ವಾಸಿ, ಮೊದಲ ದಿನವೇ ಗೊತ್ತಾಗುತ್ತದೆ.

ಅಲ್ಲಿನ ನಯವಾದ ತಪ್ಪು ಬೇರೆ. ಹೊರಗಿನ ಪಿನ್ನಿನ ಫ್ಲ್ಯಾಗನ್ನು ಇಳಿಸಲು ಆ ಬಿಟ್ಟಿಗೆ ಸೊನ್ನೆಯಲ್ಲ, 1 ಬರೆಯಬೇಕು. ಅಭ್ಯಾಸಬಲದಿಂದ `EXTI->PR |= EXTI_PR_PR0;` ಎಂದು ಬರೆದರೆ, ಎದ್ದಿರುವ ಬೇರೆ ಫ್ಲ್ಯಾಗುಗಳ 1 ಕೂಡ ಓದಿ ವಾಪಸು ಬರೆದಂತಾಗಿ ಅವೂ ಇಳಿದುಹೋಗುತ್ತವೆ, ಅವುಗಳ ಕೆಲಸ ಆಗದೆಯೇ. `EXTI->PR = EXTI_PR_PR0;` ಎಂದಷ್ಟೇ ಬರೆಯಬೇಕು. ಇನ್ನೊಂದು, ಈ ಸಾಲನ್ನು ಐಎಸ್‌ಆರ್‌ನ ಕೊನೆಗೆ ಇಡುವುದು. ಪ್ರೊಸೆಸರ್ ವೇಗ, ಹೊರ ಸಾಧನಗಳಿಗೆ ಹೋಗುವ ಬಸ್ ನಿಧಾನ. ಇಳಿಸು ಎಂಬ ಮಾತು ತಲುಪುವ ಮುಂಚೆಯೇ ಐಎಸ್‌ಆರ್ ಮುಗಿದುಹೋದರೆ, ಫ್ಲ್ಯಾಗು ಇನ್ನೂ ಎದ್ದಂತೆ ಕಂಡು ಇನ್ನೊಮ್ಮೆ ಒಳಗೆ. ಮತ್ತದೇ ಸರಿಯಾಗಿ ಎರಡರಷ್ಟು. ಮೊದಲ ಸಾಲಿನಲ್ಲೇ ಇಳಿಸಿ ಆಮೇಲೆ ಕೆಲಸ ಮಾಡಿದರೆ ಇದು ತಪ್ಪುತ್ತದೆ, ಜೊತೆಗೆ ಕೆಲಸದ ನಡುವೆ ಬಂದ ಹೊಸ ಘಟನೆ ಅಳಿಸಿಹೋಗುವುದೂ ತಪ್ಪುತ್ತದೆ.

ದೊಡ್ಡ ಕಂಪ್ಯೂಟರುಗಳೂ ಇದರಿಂದ ಮುಕ್ತವಲ್ಲ. ಲಿನಕ್ಸ್ ಬಳಸುವವರಲ್ಲಿ ಕೆಲವರು ಪರದೆಯ ಮೇಲೆ ಇದನ್ನು ನೋಡಿರಬಹುದು:

```
irq 16: nobody cared (try booting with the "irqpoll" option)
Disabling IRQ #16
```

ಕರೆ ಬರುತ್ತಲೇ ಇದೆ, ನನ್ನದು ಎಂದು ಯಾವ ಡ್ರೈವರೂ ಒಪ್ಪುತ್ತಿಲ್ಲ, ಹಾಗಾಗಿ ಕರೆದವನನ್ನು ಸುಮ್ಮನಾಗಿಸುವವರೂ ಇಲ್ಲ ಎಂದರ್ಥ. ಒಂದು ಲಕ್ಷ ಇಂಟರಪ್ಟುಗಳಲ್ಲಿ 99,900ಕ್ಕಿಂತ ಹೆಚ್ಚು ಹೀಗೆ ಅನಾಥವಾದರೆ ಲಿನಕ್ಸ್ ಆ ತಂತಿಯನ್ನೇ ಮುಚ್ಚಿಬಿಡುತ್ತದೆ. ಆ ತಂತಿಯನ್ನು ಹಂಚಿಕೊಂಡಿದ್ದ ಪಾಪದ ಯುಎಸ್‌ಬಿ ಪೋರ್ಟೋ ನೆಟ್‌ವರ್ಕ್ ಕಾರ್ಡೋ ಜೊತೆಗೇ ಬಾಯಿ ಮುಚ್ಚಿಕೊಳ್ಳುತ್ತದೆ.

ಹೊಸ ಪ್ರೋಗ್ರಾಮು ಹಾಕಲು ತೋಟಕ್ಕೆ ಹೋಗಿದ್ದ ದಿನ ಪೆಟ್ಟಿಗೆಯ ಮುಂದೆ ಇಬ್ಬರೂ ಕುರ್ಚಿ ಹಾಕಿಕೊಂಡು ಕೂತೆವು. ಜಾಹೀರಾತು ಬೇಕೆಂದಾಗ ಬರುವುದಿಲ್ಲ. ಎರಡು ಲೋಟ ಕಾಫಿಯಾದ ಮೇಲೆ ಗೆಳೆಯ ತಾನೇ ಒಂದು ರೀಚಾರ್ಜ್ ಸಂದೇಶವನ್ನು ಆ ನಂಬರಿಗೆ ಫಾರ್ವರ್ಡ್ ಮಾಡಿದ. ದೀಪ ತಪ್ಪದೆ ಮಿಣುಕುತ್ತಲೇ ಇತ್ತು. 127 ಅಕ್ಷರಗಳ ಆಚೆ ಆ ಜಾಹೀರಾತಿನಲ್ಲಿ ಏನಿತ್ತೋ ಪೆಟ್ಟಿಗೆಗೆ ಗೊತ್ತಾಗಲಿಲ್ಲ.